ಆಷಾಢ ಮುಗಿಸಿ ಬಂದವಳ ಉರಿಮೂತ್ರ

ಡಾಕ್ಟರಾಗಿ ಇಷ್ಟು ವರ್ಷದಲ್ಲಿ ನಾನು ಮನುಷ್ಯರ ಮೇಲೆ ಕೈ ಮಾಡಿದ್ದು ಒಂದೇ ದಿನ. ಅವತ್ತು ಇಬ್ಬರಿಗೆ ಬಿಟ್ಟೆ. ಒಬ್ಬ ಗಂಡ, ಇನ್ನೊಬ್ಬ ಅಣ್ಣ. ಒಳಗಡೆ ಮಂಚದ ಮೇಲೆ ಆ ಹುಡುಗಿ ಹಲ್ಲು ಕಟಕಟ ಕಡಿಯುತ್ತ ಮಲಗಿದ್ದಳು. ಇಷ್ಟೆಲ್ಲ ರಂಪಕ್ಕೆ ಮೂಲ ಏನು ಅಂತ ಕೇಳಿದರೆ ಯಾರಾದರೂ ನಕ್ಕಾರು. ಉರಿಮೂತ್ರ. ಮೂರು ಕಾಸಿನ ಮಾತ್ರೆಗೆ ಹೋಗುವ ಉರಿಮೂತ್ರ.

ಎರಡು ಸಾವಿರದ ನಂತರದ ವರ್ಷಗಳು. ಕೊಪ್ಪದ ಬಸ್‌ಸ್ಟ್ಯಾಂಡಿಂದ ಸ್ವಲ್ಪ ಮೇಲಕ್ಕೆ ನನ್ನ ಕ್ಲಿನಿಕ್ಕು. ಮುಂದೆ ಬೆಂಚು, ಒಳಗೆ ನನ್ನ ಕೋಣೆ, ಹಿಂದೆ ಎರಡು ಮಂಚ ಮತ್ತು ಒಂದು ಹಳೇ ಸೂಕ್ಷ್ಮದರ್ಶಕ. ಸಹಾಯಕ್ಕೆ ಒಬ್ಬ ಸಿಸ್ಟರ್. ಹೆಂಗಸು ಡಾಕ್ಟರು ಅಂತ ಶೃಂಗೇರಿ ಕಡೆಯಿಂದ, ಎನ್.ಆರ್. ಪುರದ ಕಡೆಯಿಂದ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಊರಿಗೆಲ್ಲ ಗೊತ್ತು. ಆದರೂ ಬರುತ್ತಿದ್ದರು, ಬೈಸಿಕೊಂಡು ಔಷಧಿ ತಗೊಂಡು ಹೋಗುತ್ತಿದ್ದರು.

ಆ ಹುಡುಗಿ ಮೊದಲ ಸಲ ಬಂದದ್ದು ಶ್ರಾವಣದ ಶುರುವಿನಲ್ಲಿ, ಅತ್ತೆಯ ಜೊತೆ. ಬಾಳೆಹೊನ್ನೂರಿನ ಹತ್ತಿರದ ಮನೆ. ಗಂಡನಿಗೆ ಸ್ವಂತ ಜೀಪು, ಬಾಡಿಗೆಗೆ ಓಡಿಸುತ್ತಾನೆ. ಹುಡುಗಿಯ ತವರು ನೆಮ್ಮಾರು. ಮದುವೆಯಾಗಿ ಮೊದಲ ವರ್ಷ. ಪದ್ಧತಿಯ ಪ್ರಕಾರ ಆಷಾಢಕ್ಕೆ ತವರಿಗೆ ಹೋಗಿ, ತಿಂಗಳು ಕಳೆದು, ಮಡಿಲು ತುಂಬಿಸಿಕೊಂಡು ಗಂಡನ ಮನೆಗೆ ವಾಪಸ್ ಬಂದಿದ್ದಾಳೆ. ಬಂದ ಮೂರ್ನಾಲ್ಕು ದಿನಕ್ಕೇ ಶುರು.

"ಉಷ್ಣ ಆಗಿದೆ ಡಾಕ್ಟ್ರಮ್ಮ," ಅಂದರು ಅತ್ತೆ. "ಹೊಕ್ಕುಳಿಗೆ ಹರಳೆಣ್ಣೆ ಹಾಕಿದೆ, ಜೀರಿಗೆ ಕಷಾಯ ಕೊಟ್ಟೆ. ಜಗ್ಗಲಿಲ್ಲ."

ನಾನು ಅತ್ತೆಯನ್ನು ಹೊರಗೆ ಕೂರಿಸಿದೆ. ಈ ವಿಷಯದಲ್ಲಿ ಅತ್ತೆ ಎದುರಿಗಿದ್ದರೆ ಸೊಸೆ ಬಾಯಿಬಿಡುವುದಿಲ್ಲ. ಬಾಗಿಲು ಹಾಕಿದ ಮೇಲೆ ಹುಡುಗಿ ನೆಲ ನೋಡುತ್ತ ಹೇಳಿದಳು: ಹೊಯ್ಯುವಾಗ ಮೆಣಸಿನಪುಡಿ ಹಾಕಿದ ಹಾಗೆ ಉರಿ, ಮುಗೀತು ಅನ್ನುವಾಗ ಇನ್ನೂ ಜಾಸ್ತಿ. ಹೋಗಿ ಬಂದು ಕೂತರೆ ಮತ್ತೆ ಹೋಗಬೇಕು ಅನ್ನಿಸುತ್ತದೆ, ಹೋದರೆ ನಾಲ್ಕು ಹನಿ. ಕೆಳಹೊಟ್ಟೆಯಲ್ಲಿ ಭಾರ.

ಉರಿಮೂತ್ರ ಅಂದ ತಕ್ಷಣ ಒಂದೇ ಕಾಯಿಲೆ ಅಂತ ಚೀಟಿ ಬರೆಯುವ ಡಾಕ್ಟರುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕೇಳಬೇಕು ಮಾರಾಯ್ರೆ, ಬಾಯಿರುವುದೇ ಕೇಳೋದಕ್ಕೆ. ಬಿಳಿ ಹೋಗುತ್ತದಾ, ತುರಿಕೆ ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಅವಿದ್ದರೆ ಮೂತ್ರಕೋಶ ಸರಿಯಾಗಿಯೇ ಇದ್ದು, ಹೊರಗಿನ ಹುಣ್ಣಾದ ಚರ್ಮಕ್ಕೆ ಮೂತ್ರ ತಾಗಿ ಉರಿಯುವುದುಂಟು. ಅದಕ್ಕೆ ಔಷಧವೇ ಬೇರೆ. ಗಂಡನಿಗೆ ಏನಾದರೂ ಉರಿ, ಕೀವು, ಹುಣ್ಣು ಉಂಟಾ ಅಂತ ಕೇಳಿದೆ. ಇಲ್ಲ. ಬೆನ್ನಿಂದ ತೊಡೆಸಂದಿಗೆ ಇಳಿಯುವಂಥ, ಅಲೆ ಅಲೆಯಾಗಿ ಬರುವ ನೋವು? ಕಲ್ಲಿದ್ದರೆ ಹಾಗಿರುತ್ತದೆ. ಅದೂ ಇಲ್ಲ. ಮುಟ್ಟು ಸರಿಯಾಗಿ ಆಗಿದೆ. ಆದರೂ ಬಸುರಿನ ಕಾರ್ಡು ಹಾಕಿ ನೋಡಿದೆ, ಒಂದೇ ಗೆರೆ ಬಂತು, ಬಸುರಿಲ್ಲ. ಬಸುರು ಗರ್ಭಕೋಶದ ಹೊರಗೆ ನಿಂತು ಕೆಳಹೊಟ್ಟೆ ನೋಯಿಸಿ, ಆಮೇಲೆ ಒಡೆದು ಜೀವ ತೆಗೆದದ್ದನ್ನು ನಾನು ನೋಡಿದ್ದೇನೆ. ಜ್ವರ ಇಲ್ಲ, ವಾಂತಿ ಇಲ್ಲ. ಬೆನ್ನಿನ ಎರಡೂ ಪಕ್ಕ ಮುಷ್ಟಿಯಿಂದ ಮೆಲ್ಲಗೆ ಗುದ್ದಿ ನೋಡಿದೆ, ಹುಡುಗಿಗೆ ನೋವಾಗಲಿಲ್ಲ. ಮೂತ್ರದ ಹನಿಯನ್ನು ಗಾಜಿನ ಮೇಲಿಟ್ಟು ನೋಡಿದರೆ ಕೀವಿನ ಕಣಗಳ ಜಾತ್ರೆ. ಅಂದರೆ ಸೋಂಕು ಮೂತ್ರಕೋಶದಲ್ಲೇ ಇದೆ, ಕಿಡ್ನಿಗೆ ಹತ್ತಿಲ್ಲ.

ಅತ್ತೆಯನ್ನೂ ಒಳಗೆ ಕರೆದು ಇಬ್ಬರಿಗೂ ಬಿಡಿಸಿ ಹೇಳಿದೆ. ಹೆಂಗಸರಿಗೆ ಮೂತ್ರ ಬರುವ ದಾರಿ ಗೇಣಲ್ಲ, ಹೆಬ್ಬೆರಳಿನಷ್ಟು ಕೂಡ ಇಲ್ಲ. ಅದರ ಪಕ್ಕದಲ್ಲೇ ಮಲದ ದಾರಿ. ನಮ್ಮದೇ ಕರುಳಿನಲ್ಲಿ ಬದುಕುವ ಕ್ರಿಮಿ, ಗಂಡ ಹೆಂಡತಿ ಸೇರುವಾಗ ಒತ್ತಿಸಿಕೊಂಡು ಒಳಗೆ ಹೋಗುತ್ತದೆ. ಹೊಸದಾಗಿ ಮದುವೆಯಾದವರಲ್ಲಿ ಜಾಸ್ತಿ. ಆಷಾಢಕ್ಕೆ ಬಿಟ್ಟಿದ್ದು ಶ್ರಾವಣಕ್ಕೆ ಮತ್ತೆ ಸೇರಿದಾಗಲೂ ಆಗುತ್ತದೆ, ಪ್ರತಿ ವರ್ಷ ಈ ಹೊತ್ತಿಗೆ ಇಂಥವರು ನನ್ನ ಹತ್ತಿರ ಬಂದೇ ಬರುತ್ತಾರೆ. ಐದು ದಿನದ ಮಾತ್ರೆ ಪೂರ್ತಿ ನುಂಗಬೇಕು. ನೀರು ಕುಡೀರಿ, ಬಂದರೆ ತಡೆಯಬೇಡಿ, ಸೇರಿದ ಮೇಲೆ ಎದ್ದು ಹೋಗಿ ಮೂತ್ರ ಮಾಡಿ ಬನ್ನಿ. ಚಳಿಜ್ವರ, ಬೆನ್ನುನೋವು ಏನಾದರೂ ಬಂದರೆ ಅದೇ ದಿನ ಇಲ್ಲಿಗೆ ಬರಬೇಕು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋದರು.

ವಾರ ಕಳೆದಿತ್ತು. ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಜೀಪು ನಿಂತಿತು. ಗಂಡ ಇಳಿದ. ಗಟ್ಟಿ ಆಳು, ಅಂಗಿಯ ತೋಳು ಮಡಚಿದ್ದ. ಹಿಂದಿನಿಂದ ಅತ್ತೆ ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಕಂಬಳಿಯೊಳಗೆ ಹುಡುಗಿ ಅದುರುತ್ತಿದ್ದಳು. ತುಟಿ ಸೀಳಿತ್ತು.

"ಬಚ್ಚಲಲ್ಲಿ ಜಾರಿ ಬಿದ್ಲು ಮೇಡಂ," ಅಂದ, ನಾನು ಏನೂ ಕೇಳುವ ಮೊದಲೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇವನು ಅನ್ನುವ ಮುಂಚೆಯೇ ಮುಟ್ಟಿಕೊಂಡ. ಅವನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದೆ; ಅತ್ತೆ ಹುಡುಗಿಯನ್ನು ಹಿಡಿದುಕೊಂಡೇ ಒಳಗೆ ಬಂದಿದ್ದರು.

ಜ್ವರ ನೂರಾ ನಾಲ್ಕು. ನಾಡಿ ಓಡುತ್ತಿತ್ತು, ಬಿ.ಪಿ. ಇಳಿದಿತ್ತು. ಸಿಸ್ಟರ್ ಹಿಡಿದ ಬೇಸಿನ್ನಿಗೆ ಹಳದಿ ವಾಂತಿ. ರವಿಕೆ ಎತ್ತಿ ನೋಡಿದರೆ ಎಡಪಕ್ಕೆಯ ಮೇಲೆ ನೇರಳೆಹಣ್ಣಿನ ಬಣ್ಣದ ಬಾವು. ಕಾಲಿನಿಂದ ಒದ್ದದ್ದು. ಬೆನ್ನ ತುಂಬ ಬೆಲ್ಟಿನ ಬರೆ. ತೋಳಿನಲ್ಲಿ ಬೆರಳು ಮೂಡಿದ ಗುರುತು.  ಡಾಕ್ಟರಿಗೆ ಸಿಟ್ಟು ಬಂದರೆ ತಲೆ ಇನ್ನೂ ತಣ್ಣಗಿರಬೇಕು, ಇಲ್ಲದಿದ್ದರೆ ರೋಗಿ ಸಾಯುತ್ತಾಳೆ.

ಈ ಬೆನ್ನುನೋವು ಯಾವುದು? ಒದೆತದ್ದೋ, ಸೋಂಕಿನದ್ದೋ? ಒದ್ದ ಏಟಿಗೆ ಕಿಡ್ನಿ ಬಿರಿದರೆ ಮೂತ್ರದಲ್ಲಿ ರಕ್ತ ಬರುತ್ತದೆ, ಬಿ.ಪಿ. ಇಳಿಯುತ್ತದೆ. ಸೋಂಕು ಮೇಲಕ್ಕೆ ಹತ್ತಿದರೂ ಬಿ.ಪಿ. ಇಳಿಯುತ್ತದೆ. ಹೊಟ್ಟೆ ಒತ್ತಿ ನೋಡಿದೆ, ಮೆತ್ತಗಿತ್ತು. ಅಪೆಂಡಿಕ್ಸಿನ ಜಾಗ ಒತ್ತಿದರೂ ಅಂಥ ನೋವಿಲ್ಲ. ಎಡಗಡೆ ಬಾವಿನ ಮೇಲೆ ಮುಟ್ಟಿದರೆ ಮುಖ ಕಿವುಚಿದಳು, ಅಷ್ಟೇ. ಆಮೇಲೆ ಬಲಗಡೆ. ಅಲ್ಲಿ ಬಾವಿಲ್ಲ, ಬರೆಯಿಲ್ಲ, ಚರ್ಮ ಚೊಕ್ಕಟವಾಗಿತ್ತು. ಕೊನೇ ಪಕ್ಕೆಲುಬು ಬೆನ್ನುಮೂಳೆಗೆ ಸೇರುವ ಮೂಲೆಯಲ್ಲಿ ಮೆಲ್ಲಗೆ ಒಂದು ಗುದ್ದು ಗುದ್ದಿದೆ. ಹುಡುಗಿ ಮಂಚದಿಂದ ಎದ್ದುಬಿಡುವ ಹಾಗೆ ಕಿರುಚಿದಳು.

ಹೊಡೆದ ಕಡೆ ಹೊರಗಿನ ನೋವು, ಹೊಡೆಯದ ಕಡೆ ಒಳಗಿನ ನೋವು. ಬಲ ಕಿಡ್ನಿಗೆ ಸೋಂಕು ಹತ್ತಿದೆ. ಎಡ ಕಿಡ್ನಿಯನ್ನು ಸ್ಕ್ಯಾನ್ ಮಾಡಿ ನೋಡುವ ತನಕ ನಂಬುವ ಹಾಗಿಲ್ಲ. ಮೂತ್ರ ಹಿಡಿಸಿದೆವು, ಸ್ವಲ್ಪವೇ ಬಂತು, ಅಕ್ಕಿ ತೊಳೆದ ನೀರಿನ ಹಾಗಿತ್ತು, ನಾತ. ಒಂದು ಪಾಲನ್ನು ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವುದಕ್ಕೆ ಅಂತ ಬಾಟಲಿಗೆ ತೆಗೆದಿಟ್ಟೆ. ಇನ್ನೊಂದು ಹನಿ ಗಾಜಿನ ಮೇಲೆ. ಕೆಂಪು ಕಣ ಅಲ್ಲೊಂದು ಇಲ್ಲೊಂದು, ಕೀವು ಮಾತ್ರ ಕಾಲಿಡಲು ಜಾಗವಿಲ್ಲದಷ್ಟು. ಮತ್ತೆ ಬಸುರಿನ ಕಾರ್ಡು, ಮತ್ತೆ ಒಂದೇ ಗೆರೆ. ಮಳೆಗಾಲದ ಚಳಿಜ್ವರ, ಇಲಿಜ್ವರವೂ ಇದ್ದೀತು ಅಂತ ಒಮ್ಮೆ ಯೋಚಿಸಿದೆ. ಆದರೆ ಉರಿಮೂತ್ರದಿಂದ ಶುರುವಾಗಿ ಹೆಜ್ಜೆ ಹೆಜ್ಜೆಯಾಗಿ ಮೇಲಕ್ಕೆ ಹತ್ತಿದ ಕಾಯಿಲೆ ಕಣ್ಣೆದುರಿಗೇ ಇತ್ತು. ಡ್ರಿಪ್ ಹಾಕಿ, ಮೊದಲ ಇಂಜೆಕ್ಷನ್ ರಕ್ತನಾಳಕ್ಕೇ ಕೊಟ್ಟೆ.

"ಮಾತ್ರೆ ತಗೊಂಡ್ಯಾ?" ಅಂತ ಕೇಳಿದೆ.

ಹುಡುಗಿ ಉಸಿರು ಎಳೆದುಕೊಂಡು ಎಳೆದುಕೊಂಡು ಹೇಳಿದಳು. ಅವತ್ತು ಸಂಜೆ ಗಂಡ, ಡಾಕ್ಟ್ರು ಏನಂದ್ರು ಅಂತ ಅಮ್ಮನನ್ನು ಕೇಳಿದ. ಅತ್ತೆ ನಾನು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಲೆಕ್ಕ ಹಾಕಿದ. ಸೇರುವುದರಿಂದ ಬಂತು ಅಂದರೆ ನನಗೂ ಬರಬೇಕಿತ್ತು, ನನಗೆ ಏನೂ ಇಲ್ಲ. ತಿಂಗಳಿಡೀ ತವರಲ್ಲಿ ಇದ್ದವಳು ನೀನು. ಆಷಾಢದಲ್ಲಿ ಯಾರಿಂದ ತಂದುಕೊಂಡೆ, ಹೆಸರು ಹೇಳು. ಮಾತ್ರೆ ಬಚ್ಚಲೊಲೆಗೆ ಹೋಯಿತು. ಇಲ್ಲದ ಹೆಸರನ್ನು ಹುಡುಗಿ ಎಲ್ಲಿಂದ ತರಬೇಕು? ದಿನಾ ಹೊಡೆದ, ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಬಚ್ಚಲಿಗೆ ಎದ್ದು ಹೋದರೆ, ಮತ್ತೆ ಹೊರಟ್ಯಾ, ಅವನು ಕೊಟ್ಟಿದ್ದು ಇನ್ನೂ ಉರಿಯುತ್ತಾ ಅಂತ ಹೊಡೆದ. ಅದಕ್ಕೆ ಹುಡುಗಿ ಎದ್ದು ಹೋಗುವುದನ್ನೇ ಬಿಟ್ಟಳು. ಮೂತ್ರ ಬರಬಾರದು ಅಂತ ನೀರು ಕುಡಿಯುವುದನ್ನು ಬಿಟ್ಟಳು. ಕಟ್ಟಿಕೊಂಡ ಮೂತ್ರದಲ್ಲಿ ಕ್ರಿಮಿ ಬೆಳೆಯುತ್ತ ಕಿಡ್ನಿಗೆ ಹತ್ತಿತು. ಅವನು ಒದ್ದದ್ದು ಎಡಗಡೆಗೆ, ಕೆಡಿಸಿದ್ದು ಬಲಗಡೆಯನ್ನು ಅಂತ ನನಗೆ ಆಗಲೇ ಅನ್ನಿಸಿತ್ತು.

"ಮೊನ್ನೆ ಚಳಿ ಬಂದಾಗ ಅತ್ತೆ ಸೆರಗಿನ ಗಂಟಿಂದ ಮಾತ್ರೆ ತೆಗೆದು ಕೊಟ್ರು," ಅಂದಳು. "ಒಂದು ಸ್ವಲ್ಪ ಉಳಿಸಿಟ್ಟಿದ್ರು. ಅದೂ ಹಿಡೀಲಿಲ್ಲ."

ಹಿಡಿಯುವುದಿಲ್ಲ. ಆ ಮಾತ್ರೆ ಮೂತ್ರಕೋಶದ ಒಳಗೆ ಕೆಲಸ ಮಾಡುವಂಥದ್ದು, ಕಿಡ್ನಿಯ ಮಾಂಸಕ್ಕೆ ಹತ್ತಿದ ಸೋಂಕಿಗೆ ಅದು ಸಾಲದು. ನಾನು ಅತ್ತೆಯ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ನಾನು ಹೊರಗೆ ಬಂದು ಅವನಿಗೆ ಹೇಳಿದೆ. ಇದು ಯಾರಿಂದಲೂ ತಂದ ರೋಗ ಅಲ್ಲ, ಅವಳದ್ದೇ ಕರುಳಿನ ಕ್ರಿಮಿ. ಗಂಡಸಿನ ಮೂತ್ರದ ದಾರಿ ಉದ್ದ, ಅದಕ್ಕೆ ನಿನಗೆ ಬರಲಿಲ್ಲ. ಕೆಟ್ಟ ಕಾಯಿಲೆ ಆಗಿದ್ದರೆ ಅದರ ಲಕ್ಷಣವೇ ಬೇರೆ, ನಾನು ಕೇಳಿ ನೋಡಿಯೇ ಹೇಳುತ್ತಿದ್ದೇನೆ. ಈಗ ಶಿವಮೊಗ್ಗೆಗೆ ಕರೆದುಕೊಂಡು ಹೋಗದಿದ್ದರೆ ಸೋಂಕು ರಕ್ತಕ್ಕೆ ಸೇರಿ ಸಾಯುತ್ತಾಳೆ.

"ನೀವೂ ಹೆಂಗಸಲ್ವಾ ಮೇಡಂ, ಹೆಂಗಸಿನ ಪರವೇ ಮಾತಾಡ್ತೀರಿ," ಅಂದ. "ಮನೆ ಮರ್ಯಾದೆ ಬೀದಿಗೆ ಬಂದ್ರೆ ನಿಮಗೇನು."

"ಮೈ ಮೇಲಿನ ಬರೆ ನಾನು ಬರೆದುಕೊಡ್ತೀನಿ, ಪೊಲೀಸರಿಗೂ ಹೇಳ್ತೀನಿ," ಅಂದೆ.

ಬೆಂಕಿಗೆ ತುಪ್ಪ ಬಿದ್ದ ಹಾಗಾಯಿತು. ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದ. "ಸಾಕು ನಡಿ ಮನೆಗೆ," ಅಂತ ಅವಳ ಕೈ ಹಿಡಿದು ಎಳೆದ. ಡ್ರಿಪ್ ಹಾಕಿದ ಕೈ. ಸೂಜಿ ಕಿತ್ತು ಬಂತು, ಸ್ಟ್ಯಾಂಡು ಮಗುಚಿ ಬಾಟಲಿ ನೆಲಕ್ಕೆ ಬಿತ್ತು, ರಕ್ತ ಹಾಸಿಗೆಯ ಮೇಲೆ, ಸಿಸ್ಟರಿನ ಬಿಳಿ ಸೀರೆಯ ಮೇಲೆ. ಹುಡುಗಿ ಅರ್ಧ ಮಂಚದಿಂದ ಕೆಳಗೆ ಜೋತಳು. ನಾನು ಅವನ ಅಂಗಿ ಹಿಡಿದು ತಿರುಗಿಸಿ ಕೆನ್ನೆಗೆ ಬಿಟ್ಟೆ. ಒಂದು ಬಿಟ್ಟಾಗ ತಿರುಗಿ ಕೈ ಎತ್ತಿದ. ಇನ್ನೊಂದು ಬಿಟ್ಟೆ. ಪಶ್ಚಾತ್ತಾಪ ಇದೆಯಾ ಅಂತ ಕೇಳಬೇಡಿ, ಇಲ್ಲ.

ಅವನ ಎತ್ತಿದ ಕೈ ನನ್ನ ಮೇಲೆ ಇಳಿಯುವ ಮುಂಚೆ ಹೊರಗೆ ಗಾಜು ಒಡೆದ ಸದ್ದಾಯಿತು. ಹುಡುಗಿಯ ಅಣ್ಣ ನೆಮ್ಮಾರಿಂದ ಬೈಕಿನಲ್ಲಿ ಬಂದಿದ್ದ. ಯಾರು ಹೇಳಿ ಕಳಿಸಿದರೋ ಆಗ ನನಗೆ ಗೊತ್ತಿರಲಿಲ್ಲ. ಜೀಪಿನ ಹಿಂದಿದ್ದ ಜಾಕ್ ರಾಡು ತಗೊಂಡು ಮುಂದಿನ ಗಾಜನ್ನು ಪುಡಿ ಮಾಡಿದ್ದ. ಗಂಡ ಹೊರಗೆ ಓಡಿದ. ಮೆಟ್ಟಿಲ ಮೇಲೇ ಅವನಿಗೆ ರಾಡಿನ ಏಟು ಭುಜಕ್ಕೆ ಬಿತ್ತು, ಕೆಳಗೆ ಬಿದ್ದವನ ಮುಖಕ್ಕೆ ಅಣ್ಣ ಮಂಡಿಯಿಂದ ಗುದ್ದಿದ. ಮೂಗಿಂದ ರಕ್ತ ಚಿಮ್ಮಿತು, ಒಂದು ಕಣ್ಣು ಅಲ್ಲೇ ಊದಿತು. ಬಸ್‌ಸ್ಟ್ಯಾಂಡಿನ ಜನ ಸೇರಿದರು. ಯಾರೂ ಬಿಡಿಸಲಿಲ್ಲ. ಅಣ್ಣ ಅವನನ್ನು ಬಿಟ್ಟು ಜೀಪಿನ ಬಾನೆಟ್ಟು ಎತ್ತಿದ, ರಾಡನ್ನು ಇಂಜಿನ್ನಿಗೆ ಗುರಿ ಇಟ್ಟ.

ಆಗ ನಾನು ಅಣ್ಣನಿಗೂ ಬಿಟ್ಟೆ. ಅವನು ಕಣ್ಣು ಕಣ್ಣು ಬಿಟ್ಟ.

"ಇಂಜಿನ್ ಒಡೆದರೆ ತಂಗೀನ ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗ್ತೀಯಾ?" ಅಂದೆ. "ನಿನ್ನ ಪೌರುಷ ಆಮೇಲೆ ತೋರ್ಸು ಮಾರಾಯ. ಅವಳ ಬಿ.ಪಿ. ಬೀಳ್ತಾ ಇದೆ."

ಆಗಿನ್ನೂ ೧೦೮ ಆಂಬುಲೆನ್ಸ್ ಬಂದಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ವ್ಯಾನು ಬೇರೆ ಕೇಸಿಗೆ ಹೋಗಿತ್ತು. ಇದ್ದದ್ದು ಗಾಜು ಒಡೆದ ಆ ಜೀಪು ಒಂದೇ. ಅಣ್ಣನಿಗೆ ಬೈಕು ಬಿಟ್ಟರೆ ಬೇರೆ ಬರುವುದಿಲ್ಲ. ಓಡಿಸಬಲ್ಲವನು ಮೆಟ್ಟಿಲ ಮೇಲೆ ಮೂಗು ಒರೆಸಿಕೊಳ್ಳುತ್ತ ಕೂತಿದ್ದ. "ಏಳು," ಅಂದೆ. ಎದ್ದ.

ಆ ಪ್ರಯಾಣ ಹೇಗಿತ್ತು ನೋಡಿ. ಊದಿದ ಕಣ್ಣಿನ ಗಂಡ ಸ್ಟಿಯರಿಂಗ್ ಹಿಡಿದಿದ್ದಾನೆ, ಮುಂದೆ ಗಾಜಿಲ್ಲದೆ ಮಳೆ ಅವನ ಎದೆಗೆ ಹೊಡೆಯುತ್ತಿದೆ. ಹಿಂದೆ ಅಣ್ಣ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಾನೆ, ಕಾಲ ಬುಡದಲ್ಲಿ ರಾಡು ಇದ್ದೇ ಇದೆ. ಅತ್ತೆ ಹೊಸ ಡ್ರಿಪ್ಪಿನ ಬಾಟಲಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದಾರೆ. ನಾನು ನಾಡಿ ಹಿಡಿದು ಕೂತಿದ್ದೇನೆ.  ತೀರ್ಥಹಳ್ಳಿ ದಾಟಿದ ಮೇಲೆ ಅವನು ತಿರುಗದೆ ಕೇಳಿದ, "ಮೇಡಂ, ನಿಜಕ್ಕೂ ನನಗೆ ಬರದೇ ಇರೋದಕ್ಕೆ ಅದೇ ಕಾರಣವಾ?"

"ಬಾಯಿ ಮುಚ್ಕೊಂಡು ಓಡ್ಸು," ಅಂತ ಅವನ ಅಮ್ಮ ಅಂದರು. ನಾನು ಅಲ್ಲ, ಅವರು. ಅವರ ಕೈ ಸೋತು ಬಾಟಲಿ ನಡುಗುತ್ತಿತ್ತು, ಕೆಳಗಿಳಿಸಲಿಲ್ಲ.

ಶಿವಮೊಗ್ಗೆಯ ಆಸ್ಪತ್ರೆಯಲ್ಲಿ ಒಳಗೆ ತಗೊಂಡರು. ಸ್ಕ್ಯಾನಿನಲ್ಲಿ ಬಲ ಕಿಡ್ನಿ ಊದಿತ್ತು, ಕಲ್ಲಿಲ್ಲ, ಎಡದ್ದು ಬಿರಿದಿಲ್ಲ. ಕಲ್ಚರಿನಲ್ಲಿ ಬೆಳೆದದ್ದು ಕರುಳಿನ ಅದೇ ಮಾಮೂಲಿ ಕ್ರಿಮಿ. ಎರಡು ದಿನ ಜೀವ ತೂಗಿತು, ಆಮೇಲೆ ಜ್ವರ ಇಳಿಯಿತು. ಪೊಲೀಸರು ಬಂದರು, ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಆಸ್ಪತ್ರೆಯಿಂದ ಅಣ್ಣನ ಜೊತೆ ನೆಮ್ಮಾರಿಗೆ ಹೋದವಳು ತಿರುಗಿ ಬಾಳೆಹೊನ್ನೂರಿಗೆ ಬರಲಿಲ್ಲ. ನನಗೆ ಸಂತೋಷವಾಯಿತು, ಮುಚ್ಚಿಡುವುದೇನು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ಅತ್ತೆ ಒಬ್ಬರೇ ಬಂದರು. ಬೆಂಚಿನ ಮೇಲೆ ಎಲ್ಲರೂ ಹೋಗುವ ತನಕ ಕೂತಿದ್ದರು.

"ನಂಗೂ ಉರಿ ಡಾಕ್ಟ್ರಮ್ಮ," ಅಂದರು. "ಆಗಾಗ ಬರತ್ತೆ."

ನನಗೆ ಅವರ ಮೇಲೆ ಸಿಟ್ಟು ಆರಿರಲಿಲ್ಲ. ಮಗ ಹೊಡೆಯುವಾಗ ಬಾಗಿಲಲ್ಲಿ ನಿಂತು ನೋಡಿದವರು. ಆದರೂ ರೋಗಿ ರೋಗಿಯೇ. ಮೂತ್ರ ನೋಡಿದೆ, ತಿಳಿಯಾಗಿತ್ತು, ಒಂದು ಕೀವಿನ ಕಣವೂ ಇಲ್ಲ. ಮಲಗಿಸಿ ಪರೀಕ್ಷೆ ಮಾಡಿದೆ. ಮುಟ್ಟು ನಿಂತು ವರ್ಷಗಳಾಗಿ ಒಳಗಿನ ಚರ್ಮ ಒಣಗಿ ತೆಳ್ಳಗಾಗಿತ್ತು, ಅದಕ್ಕೆ ಉರಿ. "ಇದು ಸೋಂಕಲ್ಲ," ಅಂದೆ. "ವಯಸ್ಸಿನ ಒಣಗು. ಮುಲಾಮು ಬರ್ದು ಕೊಡ್ತೀನಿ, ಹಚ್ಚಿಕೊಳ್ಳಿ."

ಅವರು ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಇವತ್ತಿಂದು ಒಣಗು ಆಯ್ತು," ಅಂದರು. "ಮೊದಲ್ನೇ ಸಲ ಬಂದಿದ್ದು? ನಾನು ಆಷಾಢ ಮುಗಿಸಿ ಬಂದ ಹೊಸತರಲ್ಲೇ. ನನ್ನ ತಂಗಿಗೂ ಗೊತ್ತಿಲ್ಲ ಇದು. ನಮ್ಮ ಯಜಮಾನ್ರೂ ಹೀಗೇ ಲೆಕ್ಕ ಹಾಕಿದ್ರು. ಹೆಸರು ಹೇಳು ಅಂದ್ರು."

ನಾನು ಪೆನ್ನು ಕೆಳಗಿಟ್ಟೆ.

"ಏಟು ತಡ್ಕೊಳ್ಳಕ್ಕಾಗದೆ ಹೇಳ್ಬಿಟ್ಟೆ. ತವರಿನ ಪಕ್ಕದ ಮನೆಯವನ ಹೆಸರು. ಅವನು ನನ್ನ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ. ಇವ್ರು ಹೋಗಿ ಅವನ ಕೈ ಮುರಿದು ಬಂದ್ರು. ಆಮೇಲೆ ನನ್ನ ಹೊಡಿಯೋದು ನಿಲ್ಸಿದ್ರು. ಸತ್ಯ ಹೇಳಿದೆ ಅಂತ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗಾದೆ ಮಾಡಿದವರು ಈ ಹೆಂಗಸನ್ನು ನೋಡಿರಲಿಕ್ಕಿಲ್ಲ. ಎರಡೂ ಕಾಲಕ್ಕೆ ಒಂದೇ ಬೆಲ್ಟು. ಅವತ್ತು ನೆಮ್ಮಾರಿಗೆ, ಹುಡುಗಿಯ ಅಣ್ಣನಿಗೆ ಫೋನು ಮಾಡಿದ್ದು ನೀವಾ ಅಂತ ಕೇಳಿದೆ. ಹೌದು ಅಂತ ತಲೆಯಾಡಿಸಿದರು. ಜೀಪು ಹೊರಡುವ ಮುಂಚೆ ಅಂಗಡಿಯಿಂದ ಮಾಡಿದ್ದಂತೆ.

"ನೀವು ಅವತ್ತು ಹೇಳಿದ್ರಲ್ಲ, ನಮ್ಮದೇ ಕರುಳಿನ ಕ್ರಿಮಿ ಅಂತ. ಆಗಲೇ ಕೇಳ್ಬೇಕು ಅಂದ್ಕೊಂಡೆ, ಬಾಯಿ ಬರ್ಲಿಲ್ಲ. ಹಾಗಾದ್ರೆ ನಂದೂ ಅದೇನಾ?"

"ಅದೇ ಅಮ್ಮ," ಅಂದೆ. "ನಿಮ್ಮದೂ ಅದೇ. ನಿಮ್ಮ ತಪ್ಪು ಏನೂ ಇರಲಿಲ್ಲ."

 ಅವರು ಮುಲಾಮಿನ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಎದ್ದರು. ಬಾಗಿಲ ಹತ್ತಿರ ನಿಂತರು.

"ಇವ್ರು ತೀರಿಕೊಂಡ್ರು," ಅಂದರು. "ಪಕ್ಕದ ಮನೆಯವನು ಇದಾನೆ. ಆ ಕೈ ಈಗಲೂ ಸೊಟ್ಟ. ನಾಳೆ ಬಸ್ಸು ಹತ್ತಿ ಹೋಗಿ, ಅವನ ಹೆಸರು ಯಾಕೆ ಹೇಳ್ದೆ ಅಂತ ಹೇಳಿ ಬರ್ತೀನಿ."